ಬಡ್ಡಿಯನ್ನು ಮುಟ್ಟದೆ ಬಿಟ್ಟರೆ

(ಕಾಲೇಜಿನ ಹೂಡಿಕೆ ಕ್ಲಬ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಭಾಷಣದ ಬರಹರೂಪ)



ಸರಳ ಬಡ್ಡಿ, ಚಕ್ರಬಡ್ಡಿ ಎರಡನ್ನೂ ನೀವು ಪ್ರೌಢಶಾಲೆಯಲ್ಲೇ ಲೆಕ್ಕ ಹಾಕಿದ್ದೀರಿ. ಆದರೆ ಆ ಲೆಕ್ಕಗಳೆಲ್ಲ ಹೆಚ್ಚಾಗಿ ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಮುಗಿದುಬಿಡುತ್ತವೆ. ಚಕ್ರಬಡ್ಡಿ ತನ್ನ ನಿಜವಾದ ಕೆಲಸ ಶುರುಮಾಡುವ ಮೊದಲೇ ಪುಸ್ತಕ ಮುಚ್ಚಿದಂತಾಗುತ್ತದೆ. ಇವತ್ತು ಅದೇ ಲೆಕ್ಕವನ್ನು ಮೂವತ್ತು ವರ್ಷ ಮುಂದುವರಿಸಿ ನೋಡೋಣ.

ಹತ್ತು ಸಾವಿರ ರೂಪಾಯಿ ಇದೆ, ಬಡ್ಡಿ ವರ್ಷಕ್ಕೆ ಶೇ 7.1 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಎರಡೂ ವಿಧಾನದಲ್ಲಿ ಬರುವುದು 710 ರೂಪಾಯಿ. ಎರಡನೆಯ ವರ್ಷ ಸರಳ ಬಡ್ಡಿ ಮತ್ತೆ 710 ಕೊಡುತ್ತದೆ. ಚಕ್ರಬಡ್ಡಿ 760 ಕೊಡುತ್ತದೆ. ಹೆಚ್ಚು ಬಂದದ್ದು ಬರೀ ಐವತ್ತು ರೂಪಾಯಿ, ಇಬ್ಬರು ಕ್ಯಾಂಟೀನಿನಲ್ಲಿ ಕಾಫಿ ಕುಡಿದರೆ ಮುಗಿಯುವ ಹಣ. ಹತ್ತು ವರ್ಷ ಕಳೆದ ಮೇಲೂ ಸರಳ ಬಡ್ಡಿಯವನ ಕೈಯಲ್ಲಿ 17,100, ಚಕ್ರಬಡ್ಡಿಯವನ ಕೈಯಲ್ಲಿ 19,856. ಹತ್ತು ವರ್ಷ ಕಾದದ್ದಕ್ಕೆ ಇಷ್ಟೇನಾ ಎನ್ನಿಸುವುದು ಸಹಜ. ಮೂವತ್ತನೆಯ ವರ್ಷದ ಕೊನೆಗೆ ಬನ್ನಿ. ಸರಳ ಬಡ್ಡಿಯಲ್ಲಿ 31,300, ಚಕ್ರಬಡ್ಡಿಯಲ್ಲಿ 78,286.

ಸೂತ್ರ ನಿಮಗೆ ಗೊತ್ತೇ ಇದೆ: `A = P (1 + r)^n`. ಇದರಲ್ಲಿ ಅಸಲು ಎಂಬ `P` ಗುಣಿಸುವ ಜಾಗದಲ್ಲಿ ಕೂತಿದೆ. ಅದನ್ನು ಎರಡು ಪಟ್ಟು ಮಾಡಿದರೆ ಉತ್ತರವೂ ಎರಡು ಪಟ್ಟು, ಅಷ್ಟೇ. ವರ್ಷಗಳ ಸಂಖ್ಯೆಯಾದ `n` ಘಾತದ ಜಾಗದಲ್ಲಿ, ಮೇಲೆ ಕೂತಿದೆ. ಶೇ 7.1ರ ದರದಲ್ಲಿ ಹಣ ಸುಮಾರು ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಪ್ಪಟ್ಟಾಗುವ ವರ್ಷಗಳು ಸಿಗುತ್ತವೆ ಎಂಬ ಹಳೆಯ ಬಾಯಿಲೆಕ್ಕ ಇಲ್ಲಿ ಸರಿಯಾಗಿ ಹೊಂದುತ್ತದೆ. ಹತ್ತು ಸಾವಿರ ಮೊದಲ ದಶಕದಲ್ಲಿ ಹೆಚ್ಚುಕಡಿಮೆ ಇಪ್ಪತ್ತಾಗುತ್ತದೆ, ಎರಡನೆಯದರಲ್ಲಿ ನಲವತ್ತು, ಮೂರನೆಯದರಲ್ಲಿ ಎಂಬತ್ತು. ಮೂರು ದಶಕಗಳೂ ಅಷ್ಟಷ್ಟೇ ಉದ್ದ, ಬಡ್ಡಿದರವೂ ಅದೇ. ಆದರೂ ಮೊದಲನೆಯದು ಕೊಟ್ಟದ್ದು ಹತ್ತು ಸಾವಿರ, ಕೊನೆಯದು ಕೊಟ್ಟದ್ದು ನಲವತ್ತು ಸಾವಿರ.

ಇದರಲ್ಲಿ ಪವಾಡ ಏನೂ ಇಲ್ಲ. ನಮ್ಮ ನೆಲದ ಗಣಿತಜ್ಞರು ಇದನ್ನು ವ್ಯವಹಾರದ ಲೆಕ್ಕವಾಗಿಯೇ ನೋಡಿದ್ದಾರೆ. ಕ್ರಿ.ಶ. 499ರ ಸುಮಾರಿಗೆ ಬರೆದ ಆರ್ಯಭಟೀಯದ ಗಣಿತಪಾದದಲ್ಲಿ ಒಂದು ಸೂತ್ರ ಇದೆ. ಅಸಲಿಗೆ ಒಂದು ತಿಂಗಳಲ್ಲಿ ಬಂದ ಬಡ್ಡಿ ಎಷ್ಟೆಂದು ಗೊತ್ತಿಲ್ಲ. ಆ ಬಡ್ಡಿಯನ್ನೇ ಅದೇ ದರದಲ್ಲಿ ಮತ್ತೊಬ್ಬರಿಗೆ ಕೆಲವು ತಿಂಗಳು ಸಾಲ ಕೊಟ್ಟಿದ್ದಾರೆ. ಬಡ್ಡಿ ಮತ್ತು ಬಡ್ಡಿಯ ಬಡ್ಡಿ ಸೇರಿ ಇಂತಿಷ್ಟಾಯಿತು, ಹಾಗಾದರೆ ಮೊದಲು ಬಂದ ಬಡ್ಡಿ ಎಷ್ಟು? ಅಸಲು ನೂರು, ಬಡ್ಡಿಯನ್ನು ಸಾಲ ಕೊಟ್ಟದ್ದು ನಾಲ್ಕು ತಿಂಗಳು, ಒಟ್ಟು ಆರು ಎಂದಾದರೆ ಉತ್ತರ ಐದು. ನೂರಕ್ಕೆ ಐದು ಬಂತು, ಆ ಐದು ನಾಲ್ಕು ತಿಂಗಳಲ್ಲಿ ಇನ್ನೊಂದನ್ನು ತಂದಿತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಬಡ್ಡಿಯ ಲೆಕ್ಕಗಳು ಧಾರಾಳವಾಗಿವೆ. ಆರ್ಯಭಟನ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ. ಬಡ್ಡಿ ತಾನಾಗಿ ಮರಿ ಹಾಕಲಿಲ್ಲ, ಅದನ್ನು ಮತ್ತೆ ಸಾಲ ಕೊಡಬೇಕಾಯಿತು. ಬಂದ ಬಡ್ಡಿ ಮತ್ತೆ ದುಡಿಯಲು ಹೋದರೆ ಮಾತ್ರ ಚಕ್ರ ತಿರುಗುತ್ತದೆ. ಕೈಗೆ ಬಂದು ಖರ್ಚಾದರೆ ಅದು ಸರಳ ಬಡ್ಡಿಯೇ, ಬ್ಯಾಂಕಿನವರು ಏನೇ ಹೆಸರಿಟ್ಟಿರಲಿ.

ಈಗ ನಿಜವಾದ ಖಾತೆಯೊಂದರಲ್ಲಿ ಇದನ್ನು ನೋಡೋಣ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ತೆರೆಯಬಹುದಾದ ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯ ನಿಧಿ, 1968ರಿಂದ ಇದೆ. ಎಲ್ಲರೂ ಇದರಲ್ಲೇ ಹಣ ಹಾಕಿ ಎಂದು ಹೇಳಲು ಇದನ್ನು ಆರಿಸಿಲ್ಲ. ಇದರ ಬಡ್ಡಿಗೆ ತೆರಿಗೆ ಇಲ್ಲ, ಪೇಟೆಯ ಏರಿಳಿತ ಇಲ್ಲ, ಬಡ್ಡಿ ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಖಾತೆಗೆ ಸೇರುತ್ತದೆ. ಹಾಗಾಗಿ ಲೆಕ್ಕ ಸ್ವಚ್ಛವಾಗಿ ಕಾಣುತ್ತದೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಅವಧಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷದಂತೆ ವಿಸ್ತರಿಸಿಕೊಳ್ಳಬಹುದು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಅದನ್ನು ಶೇ 7.1ಕ್ಕೆ ಇಳಿಸಲಾಯಿತು. ತೊಂಬತ್ತರ ದಶಕದುದ್ದಕ್ಕೂ ಅದು ಶೇ 12 ಇತ್ತು ಎಂಬುದನ್ನೂ ನೆನಪಿಡಿ. ಮೂವತ್ತು ವರ್ಷವೂ 7.1 ಇರುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ಲೆಕ್ಕಕ್ಕಾಗಿ ಹಾಗೆಂದು ಹಿಡಿಯೋಣ.

ನಿಮ್ಮಂತೆಯೇ ಹದಿನೆಂಟು ವರ್ಷದ ಒಬ್ಬ ಹುಡುಗಿ. ತಿಂಗಳಿಗೆ ಸಾವಿರದಂತೆ ಉಳಿಸಿ, ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲೇ 12,000 ರೂಪಾಯಿ ಕಟ್ಟುತ್ತಾಳೆ. ಮೊದಲ ವರ್ಷದ ಕೊನೆಗೆ ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಸಾಲಿನಲ್ಲಿ 852 ರೂಪಾಯಿ ಕಾಣುತ್ತದೆ. ಎರಡನೆಯ ವರ್ಷ 1,764. ಅವಳು ಕಟ್ಟಿದ್ದರ ಮುಂದೆ ಇದು ಏನೂ ಅಲ್ಲ. ಹತ್ತನೆಯ ವರ್ಷದ ಬಡ್ಡಿ 11,827. ಹನ್ನೊಂದನೆಯ ವರ್ಷ 13,519. ಆ ಮಾರ್ಚ್ 31ರಂದು ಮೊದಲ ಸಲ ಬಡ್ಡಿಯ ಅಂಕಿ ಅವಳು ಆ ವರ್ಷ ಕಟ್ಟಿದ ಹಣಕ್ಕಿಂತ ದೊಡ್ಡದಾಗಿರುತ್ತದೆ. ಅಲ್ಲಿಯವರೆಗೆ ಖಾತೆಯನ್ನು ಬೆಳೆಸಿದ್ದು ಹೆಚ್ಚಾಗಿ ಅವಳ ಉಳಿತಾಯ. ಅಲ್ಲಿಂದ ಮುಂದೆ ಬೆಳೆಸುವುದು ಹೆಚ್ಚಾಗಿ ಬಡ್ಡಿ. ಎಷ್ಟು ಕಟ್ಟುತ್ತೀರಿ ಎಂಬುದರ ಮೇಲೆ ಈ ತಿರುವು ನಿಂತಿಲ್ಲ. ಪ್ರತಿವರ್ಷ ಒಂದೇ ಮೊತ್ತ ಕಟ್ಟುವುದಾದರೆ, ಐನೂರು ಕಟ್ಟಿದರೂ ಒಂದೂವರೆ ಲಕ್ಷ ಕಟ್ಟಿದರೂ, ಈ ದರದಲ್ಲಿ ಅದು ಹನ್ನೊಂದನೆಯ ವರ್ಷವೇ ಬರುತ್ತದೆ. ಎಷ್ಟು ಹಣ ಉಳಿಸಿದ್ದೀರಿ ಎನ್ನುವುದಕ್ಕಿಂತ ಆ ಹನ್ನೊಂದನೆಯ ವರ್ಷವನ್ನು ದಾಟಿದ್ದೀರಾ ಎನ್ನುವುದನ್ನೇ ನಾನು ಮೊದಲು ಕೇಳುತ್ತೇನೆ.

ಹದಿನೈದು ವರ್ಷ ಮುಗಿದಾಗ ಅವಳು ಕಟ್ಟಿದ್ದು 1,80,000, ಖಾತೆಯಲ್ಲಿರುವುದು 3,25,457. ಆಗ ಅವಳಿಗೆ ಮೂವತ್ಮೂರು. ಹೆಚ್ಚಿನವರು ಇಲ್ಲೇ ಖಾತೆ ಮುಚ್ಚಿ ಹಣ ತೆಗೆದುಕೊಳ್ಳುತ್ತಾರೆ, ಅವಧಿ ಮುಗಿಯಿತಲ್ಲ ಎಂದು. ಅವಳು ಮುಚ್ಚದೆ ವಿಸ್ತರಿಸಿ, ಅದೇ ಹನ್ನೆರಡು ಸಾವಿರವನ್ನು ಇನ್ನೂ ಹದಿನೈದು ವರ್ಷ ಕಟ್ಟಿದಳು ಎನ್ನಿ. ಮತ್ತೆ ಕಟ್ಟಿದ್ದು ಅದೇ 1,80,000. ನಲವತ್ತೆಂಟನೆಯ ವಯಸ್ಸಿಗೆ ಖಾತೆಯಲ್ಲಿ 12,36,073 ರೂಪಾಯಿ. ಮೊದಲ ಹದಿನೈದು ವರ್ಷ ಕೊಟ್ಟದ್ದು ಮೂರೂಕಾಲು ಲಕ್ಷ, ಎರಡನೆಯ ಹದಿನೈದು ವರ್ಷ ಕೊಟ್ಟದ್ದು ಒಂಬತ್ತು ಲಕ್ಷಕ್ಕೂ ಮಿಕ್ಕಿ. ಮೂವತ್ತನೆಯ ವರ್ಷವೊಂದರ ಬಡ್ಡಿಯೇ 81,943. ವಿಸ್ತರಿಸುವಾಗ ಒಂದು ಎಚ್ಚರ ಬೇಕು. ಅವಧಿ ಮುಗಿದ ಒಂದು ವರ್ಷದೊಳಗೆ ಅದಕ್ಕೆಂದೇ ಇರುವ ಅರ್ಜಿ ಕೊಡಬೇಕು. ಕೊಡದಿದ್ದರೆ ಇದ್ದ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಹೊಸದಾಗಿ ಕಟ್ಟಲು ಬಿಡುವುದಿಲ್ಲ.

ಅವಳ ಗೆಳತಿಯೊಬ್ಬಳು ಮೂವತ್ಮೂರಕ್ಕೆ ಶುರುಮಾಡಿ ನಲವತ್ತೆಂಟಕ್ಕೆ ಅಷ್ಟೇ ಮೊತ್ತ ಮುಟ್ಟಬೇಕೆಂದರೆ ವರ್ಷಕ್ಕೆ ಸುಮಾರು 45,600 ಕಟ್ಟಬೇಕಾಗುತ್ತದೆ. ತಿಂಗಳಿಗೆ ಸಾವಿರದ ಜಾಗದಲ್ಲಿ 3,800. ಇವಳು ಕೈಯಿಂದ ಹಾಕುವ ಒಟ್ಟು ಹಣ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ಮೊದಲಿನವಳು ಹಾಕಿದ್ದು 3,60,000. ಹಾಗೆಂದು ತಡವಾಗಿ ಶುರುಮಾಡುವವರೆಲ್ಲ ಅಜಾಗರೂಕರಲ್ಲ. ಹದಿನೆಂಟಕ್ಕೆ ತಿಂಗಳಿಗೆ ಸಾವಿರ ಉಳಿಸುವ ಅನುಕೂಲ ಎಲ್ಲ ಮನೆಯಲ್ಲೂ ಇರುವುದಿಲ್ಲ. ಫೀಸಿಗೇ ಸಾಲ ಮಾಡಿದ ಮನೆಗಳಿಂದ ಬಂದವರು ನಿಮ್ಮ ನಡುವೆಯೇ ಇದ್ದೀರಿ. ಅವರಿಗೆ ಈ ಭಾಷಣದ ಕೊನೆಯ ಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಖಾತೆಯಲ್ಲಿ ಲೆಕ್ಕ ಎಲ್ಲಿ ಸೋರುತ್ತದೆ ನೋಡಿ. ಪಿಪಿಎಫ್‌ನಲ್ಲಿ ತಿಂಗಳ ಐದನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಆ ತಿಂಗಳ ಬಡ್ಡಿ. ಏಪ್ರಿಲ್ ಐದರೊಳಗೆ ಕಟ್ಟುವ ಬದಲು ಆರಕ್ಕೆ ಕಟ್ಟಿದರೆ ಹನ್ನೆರಡು ಸಾವಿರದ ಮೇಲೆ ಒಂದು ತಿಂಗಳ ಬಡ್ಡಿ ಹೋಯಿತು. ಅದು 71 ರೂಪಾಯಿ. ಇನ್ನು ನಮ್ಮಲ್ಲಿ ಎಷ್ಟೋ ಜನ ಮಾಡುವುದೇ ಬೇರೆ. ತೆರಿಗೆ ಉಳಿಸಲು ಮಾರ್ಚ್ ಕೊನೆಯ ವಾರದಲ್ಲಿ ಓಡಿಹೋಗಿ ಕಟ್ಟುತ್ತಾರೆ. ಕಟ್ಟುವ ಹಣ ಅಷ್ಟೇ, ವರ್ಷಗಳೂ ಅಷ್ಟೇ, ಆದರೆ ಪ್ರತಿ ಕಂತೂ ತನ್ನ ಮೊದಲ ವರ್ಷದ ದುಡಿಮೆಯನ್ನು ಕಳೆದುಕೊಳ್ಳುತ್ತದೆ. ಮೂವತ್ತು ವರ್ಷಕ್ಕೆ ನಮ್ಮ ಹುಡುಗಿಯ ಲೆಕ್ಕದಲ್ಲಿ ಇದು 81,943 ರೂಪಾಯಿಯ ನಷ್ಟ. ಈ ಅಂಕಿಯನ್ನು ಈಗಷ್ಟೇ ಕೇಳಿದಿರಿ, ಮೂವತ್ತನೆಯ ವರ್ಷದ ಬಡ್ಡಿಯೂ ಇಷ್ಟೇ ಇತ್ತು. ಪ್ರತಿ ಸಲ ಒಂದು ವರ್ಷ ತಡಮಾಡುವುದೆಂದರೆ ಕೊನೆಯ, ಅತ್ಯಂತ ದೊಡ್ಡ ವರ್ಷದ ಬಡ್ಡಿಯನ್ನು ಬಿಟ್ಟುಕೊಡುವುದೇ. ಮೊದಲ ವರ್ಷದ ಪುಟ್ಟ 852 ಹೋಯಿತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ನಡುವೆ ಹಣ ತೆಗೆಯುವುದರದ್ದೂ ಇದೇ ಕಥೆ. ಹದಿನೈದನೆಯ ವರ್ಷ ಅಸಲು ಇರಲಿ, ಬಡ್ಡಿ ಮಾತ್ರ ತೆಗೆಯೋಣ ಎಂದು ಅವಳು 1,45,457 ರೂಪಾಯಿ ತೆಗೆದು ಸ್ಕೂಟರ್ ಕೊಂಡಳು ಎನ್ನಿ. ಮುಂದಿನ ಹದಿನೈದು ವರ್ಷದಲ್ಲಿ ಆ ಹಣ 4,06,983 ಆಗುತ್ತಿತ್ತು. ಹಾಗಾಗಿ ಮೂವತ್ತನೆಯ ವರ್ಷ ಅವಳ ಕೈಗೆ ಬರುವುದು 12.36 ಲಕ್ಷದ ಬದಲು 8.29 ಲಕ್ಷ. ಸ್ಕೂಟರ್ ಬೇಕಾಗಿರಬಹುದು, ತಪ್ಪೇನಿಲ್ಲ. ಆದರೆ ಅದರ ಬೆಲೆ ಒಂದೂವರೆ ಲಕ್ಷ ಅಲ್ಲ, ನಾಲ್ಕು ಲಕ್ಷ ಎಂದು ತಿಳಿದು ಕೊಳ್ಳಬೇಕು.

ಬ್ಯಾಂಕುಗಳ ಜಾಹೀರಾತು ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಬಡ್ಡಿಯನ್ನು ವರ್ಷಕ್ಕೊಮ್ಮೆ ಸೇರಿಸುವ ಬದಲು ತಿಂಗಳಿಗೊಮ್ಮೆ, ದಿನಕ್ಕೊಮ್ಮೆ ಸೇರಿಸಿದರೆ ಹಣ ಎಲ್ಲಿಗೋ ಹೋಗುವುದಿಲ್ಲವೇ? ಇದೇ ಪ್ರಶ್ನೆಯನ್ನು 1683ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಹಾಕಿಕೊಂಡ. ಒಂದು ರೂಪಾಯಿಗೆ ವರ್ಷಕ್ಕೆ ಶೇ 100ರ ಬಡ್ಡಿ ಎನ್ನಿ. ವರ್ಷಕ್ಕೊಮ್ಮೆ ಸೇರಿಸಿದರೆ ಎರಡು ರೂಪಾಯಿ, ಆರು ತಿಂಗಳಿಗೊಮ್ಮೆಯಾದರೆ 2.25, ತಿಂಗಳಿಗೊಮ್ಮೆಯಾದರೆ 2.61, ದಿನಕ್ಕೊಮ್ಮೆಯಾದರೆ 2.71. ಕ್ಷಣಕ್ಷಣಕ್ಕೂ ಸೇರಿಸಿದರೂ 2.718ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನಿಮ್ಮ ಗಣಿತದ ಪುಸ್ತಕದಲ್ಲಿ `e` ಎಂದು ಬರುವುದು ಇದೇ ಸಂಖ್ಯೆ. ನಮ್ಮ ಠೇವಣಿಗಳ ಮಟ್ಟದಲ್ಲಿ ವ್ಯತ್ಯಾಸ ಇನ್ನೂ ಸಣ್ಣದು. ಶೇ 7ರ ದರದಲ್ಲಿ ಹತ್ತು ಸಾವಿರಕ್ಕೆ ವರ್ಷಕ್ಕೊಮ್ಮೆ ಸೇರಿಸಿದರೆ 10,700. ನಮ್ಮ ಬ್ಯಾಂಕುಗಳಲ್ಲಿ ರೂಢಿಯಿರುವಂತೆ ಮೂರು ತಿಂಗಳಿಗೊಮ್ಮೆ ಸೇರಿಸಿದರೆ 10,719. ದಿನವೂ ಸೇರಿಸಿದರೆ 10,725. ಇಪ್ಪತ್ತೈದು ರೂಪಾಯಿಯ ಮಾತು. ಎಷ್ಟು ಸಲ ಸೇರಿಸುತ್ತಾರೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ಎಷ್ಟು ವರ್ಷ ಬಿಡುತ್ತೀರಿ ಎಂದು ಯೋಚಿಸಿ.

ಹನ್ನೆರಡು ಲಕ್ಷ ಎಂದಾಗ ಕೆಲವರ ಕಣ್ಣರಳಿರಬಹುದು. ಅಷ್ಟು ಬೇಗ ಬೇಡ. ಬೆಲೆಗಳೂ ಇದೇ ಸೂತ್ರದಲ್ಲಿ ಏರುತ್ತವೆ. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ ಇಡುವುದು ರಿಸರ್ವ್ ಬ್ಯಾಂಕಿನ ಗುರಿ. ಅದು ಹಾಗೆಯೇ ಇದ್ದರೂ, ಮೊದಲು ನೋಡಿದ ಹತ್ತು ಸಾವಿರ ಮೂವತ್ತು ವರ್ಷಕ್ಕೆ 78,286 ಆಯಿತಲ್ಲ, ಅದರಿಂದ ಕೊಳ್ಳಬಹುದಾದದ್ದು ಇವತ್ತಿನ 24,000 ರೂಪಾಯಿಯ ಸಾಮಾನಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಏಳೂಮುಕ್ಕಾಲು ಪಟ್ಟು ಎಂದು ಕಂಡದ್ದು ನಿಜದಲ್ಲಿ ಎರಡೂವರೆ ಪಟ್ಟಿಗೂ ಸ್ವಲ್ಪ ಕಡಿಮೆ. ಇದೂ ಒಳ್ಳೆಯ ಬೆಳವಣಿಗೆಯೇ. ಆದರೆ ಉಳಿತಾಯ ಖಾತೆಯಲ್ಲಿ ಶೇ ಎರಡೂವರೆಗೋ ಮೂರಕ್ಕೋ ಹಣ ಬಿಟ್ಟವರಿಗೆ ಇದೇ ಲೆಕ್ಕ ತಿರುಗಿ ಬೀಳುತ್ತದೆ. ಪಾಸ್‌ಬುಕ್ಕಿನಲ್ಲಿ ಅಂಕಿ ಏರುತ್ತಾ, ಅದು ಕೊಳ್ಳುವ ಅಕ್ಕಿ ಕಡಿಮೆಯಾಗುತ್ತಾ ಹೋಗುತ್ತದೆ.

ಹಾಗಾದರೆ ಷೇರುಪೇಟೆ? ಹೂಡಿಕೆ ಕ್ಲಬ್ ಸೇರಿದವರಿಗೆ ಅದರ ಮೇಲೆಯೇ ಕಣ್ಣು ಎಂದು ಗೊತ್ತು. ಅಲ್ಲೂ ಚಕ್ರಬಡ್ಡಿಯ ಸೂತ್ರವನ್ನೇ ಬಳಸುತ್ತಾರೆ, ಆದರೆ ಅಲ್ಲಿ `r` ಪ್ರತಿವರ್ಷ ಬದಲಾಗುತ್ತದೆ, ಕೆಲವು ವರ್ಷ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಒಂದು ವರ್ಷ ಶೇ 50 ಲಾಭ, ಮರುವರ್ಷ ಶೇ 40 ನಷ್ಟ ಆಯಿತೆನ್ನಿ. ಸರಾಸರಿ ತೆಗೆದರೆ ವರ್ಷಕ್ಕೆ ಶೇ 5 ಲಾಭ. ಆದರೆ ನೂರು ರೂಪಾಯಿ ಮೊದಲು ನೂರೈವತ್ತಾಗಿ, ಆಮೇಲೆ ತೊಂಬತ್ತಕ್ಕೆ ಇಳಿದಿದೆ. ಲಾಭದ ಸರಾಸರಿ ತೋರಿಸಿ ನಿಮಗೆ ಏನನ್ನಾದರೂ ಮಾರಲು ಬಂದವರನ್ನು ಒಂದೇ ಮಾತು ಕೇಳಿ: ಹಾಕಿದ ನೂರು ಕೊನೆಗೆ ಎಷ್ಟಾಯಿತು?

2008ರ ಜನವರಿಯಲ್ಲಿ ಸೆನ್ಸೆಕ್ಸ್ 20,800 ದಾಟಿತ್ತು. 2009ರ ಮಾರ್ಚ್‌ನಲ್ಲಿ ಅದು 8,200ಕ್ಕಿಂತ ಕೆಳಗಿತ್ತು, ಶೇ 60ರ ಕುಸಿತ. ನೂರು ನಲವತ್ತಾದರೆ ಮತ್ತೆ ನೂರಾಗಲು ಶೇ 60 ಏರಿದರೆ ಸಾಲದು, ಶೇ 150 ಏರಬೇಕು. ಪೇಟೆ ಏರಿತು ಕೂಡ. 2010ರ ನವೆಂಬರ್‌ನಲ್ಲಿ ಹಳೆಯ ಎತ್ತರವನ್ನು ಒಮ್ಮೆ ಮುಟ್ಟಿತು. ಆದರೆ ಅಲ್ಲಿ ನಿಲ್ಲದೆ ಮತ್ತೆ ಇಳಿದು, ಗಟ್ಟಿಯಾಗಿ ದಾಟಿದ್ದು 2013ರ ಕೊನೆಯಲ್ಲಿ. ಹೆಚ್ಚುಕಡಿಮೆ ಆರು ವರ್ಷ. ದೀರ್ಘಕಾಲ ಎಂದರೆ ಇಂಥ ಆರು ವರ್ಷಗಳನ್ನೂ ಒಳಗೊಂಡ ಕಾಲ. ಮುಂದಿನ ವರ್ಷದ ಫೀಸಿಗೆ ಬೇಕಾದ ಹಣಕ್ಕೆ ಅಷ್ಟು ಕಾಯುವ ಶಕ್ತಿ ಇರುವುದಿಲ್ಲ, ಹಾಗಾಗಿ ಅದು ಅಲ್ಲಿಗೆ ಹೋಗಬಾರದು.

ಈಗ ಕೊನೆಯ ಭಾಗ. ಚಕ್ರಬಡ್ಡಿಗೆ ಯಾರ ಮೇಲೂ ಪ್ರೀತಿ ಇಲ್ಲ. ನೀವು ಸಾಲ ಮಾಡಿದಾಗ ಅದು ಅಷ್ಟೇ ನಿಷ್ಠೆಯಿಂದ ಎದುರು ಪಕ್ಷಕ್ಕೆ ದುಡಿಯುತ್ತದೆ, ಅದೂ ಬಹಳ ಹೆಚ್ಚಿನ ದರದಲ್ಲಿ. ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎನ್ನುತ್ತಾರೆ. ಅದು ತಿಂಗಳಿನ ಲೆಕ್ಕ, ವರ್ಷಕ್ಕೆ ಶೇ 36. ಕೇಳಿದರೆ ಸರಳ ಬಡ್ಡಿ ಎಂದೇ ಹೇಳುತ್ತಾರೆ. ಆದರೆ ಪ್ರೋನೋಟಿಗೆ ಕಾನೂನಿನಲ್ಲಿ ಮೂರು ವರ್ಷದ ಕಾಲಮಿತಿ ಇದೆ. ಮೂರು ವರ್ಷ ತುಂಬುವ ಮೊದಲು ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ನೋಟು ಬರೆಸಿಕೊಂಡರೆ, ಹತ್ತು ಸಾವಿರದ ಸಾಲ 20,800ರ ಸಾಲವಾಗಿ ಮತ್ತೆ ಶುರುವಾಗುತ್ತದೆ. ಆರನೆಯ ವರ್ಷಕ್ಕೆ 43,264. ನಿಜವಾಗಿ ಸರಳ ಬಡ್ಡಿಯಾಗಿದ್ದರೆ 31,600 ಆಗಬೇಕಿತ್ತು. ಹೊಸ ಕಾಗದಕ್ಕೆ ಸಹಿ ಹಾಕಿದ ದಿನವೇ ಸರಳ ಬಡ್ಡಿ ಚಕ್ರಬಡ್ಡಿಯಾಯಿತು. ಮನೆಯಲ್ಲಿ ಇಂಥ ಸಾಲ ಇದ್ದರೆ ಅಪ್ಪ ಅಮ್ಮನ ಜೊತೆ ಕೂತು ಹಳೆಯ ಕಾಗದ, ಹೊಸ ಕಾಗದ ಎರಡರಲ್ಲೂ ಅಸಲು ಎಂದು ಬರೆದ ಅಂಕಿಯನ್ನು ಹೋಲಿಸಿ ನೋಡಿ.

ಕೆಲಸಕ್ಕೆ ಸೇರಿದೊಡನೆ ನಿಮ್ಮನ್ನು ಹುಡುಕಿಕೊಂಡು ಬರುವುದು ಕ್ರೆಡಿಟ್ ಕಾರ್ಡು. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರಂಥ ದರ ಅಲ್ಲಿ ಸಾಮಾನ್ಯ. ಹನ್ನೆರಡರಿಂದ ಗುಣಿಸಿ ಶೇ 42 ಎನ್ನಬೇಡಿ, ತಿಂಗಳು ತಿಂಗಳೂ ಸೇರುವುದರಿಂದ ಅದು ಶೇ 51 ದಾಟುತ್ತದೆ. ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು ಸಣ್ಣ ಮೊತ್ತವೊಂದು ಇರುತ್ತದೆ, ಬಾಕಿಯ ಶೇ 5 ಎಂದಿಟ್ಟುಕೊಳ್ಳೋಣ. 20,000 ರೂಪಾಯಿ ಬಾಕಿ ಇದೆ, ಕಾರ್ಡನ್ನು ಮತ್ತೆ ಮುಟ್ಟಲಿಲ್ಲ, ತಿಂಗಳು ತಪ್ಪದೆ ಆ ಶೇ 5ನ್ನು ಕಟ್ಟಿದಿರಿ. ವರ್ಷದಲ್ಲಿ ಕಟ್ಟಿದ್ದು ಹನ್ನೊಂದು ಸಾವಿರದ ಮುನ್ನೂರಕ್ಕೂ ಮಿಕ್ಕಿ. ಸಾಲ ಇಳಿದದ್ದು ಸುಮಾರು 3,670 ರೂಪಾಯಿ. ಉಳಿದದ್ದೆಲ್ಲ ಬಡ್ಡಿಗೆ ಹೋಯಿತು, ಜಿಎಸ್‌ಟಿಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಆದ್ದರಿಂದ ಕ್ರಮ ಹೀಗೆ. ಕೈಯಲ್ಲಿ ಹನ್ನೆರಡು ಸಾವಿರ ಇದೆ, ಕಾರ್ಡಿನಲ್ಲಿ ಇಪ್ಪತ್ತು ಸಾವಿರ ಬಾಕಿಯೂ ಇದೆ ಎಂದಾದರೆ, ಆ ಹಣವನ್ನು ಪಿಪಿಎಫ್‌ಗೆ ಹಾಕಿದರೆ ವರ್ಷಕ್ಕೆ 852 ರೂಪಾಯಿ ಬರುತ್ತದೆ. ಕಾರ್ಡಿಗೆ ಕಟ್ಟಿದರೆ ಆ ಹನ್ನೆರಡು ಸಾವಿರದ ಮೇಲೆ ವರ್ಷದಲ್ಲಿ ಬೆಳೆಯುತ್ತಿದ್ದ ಆರು ಸಾವಿರಕ್ಕೂ ಹೆಚ್ಚಿನ ಬಡ್ಡಿ ಉಳಿಯುತ್ತದೆ. ಆ ವರ್ಷ ಪಿಪಿಎಫ್‌ಗೆ ಐನೂರು ರೂಪಾಯಿ ಮಾತ್ರ ಕಟ್ಟಿ ಖಾತೆ ನಿಲ್ಲದಂತೆ ನೋಡಿಕೊಳ್ಳಿ, ಮಿಕ್ಕ ಹನ್ನೊಂದೂವರೆ ಸಾವಿರ ಕಾರ್ಡಿಗೆ ಹೋಗಲಿ.